ಡ್ರ್ಯಾಗನ್ ಬಳ್ಳಿಗೆ ಎಳೆದ ಇದ್ದಿಲ ಗೆರೆ

ನನಗೆ ಆಗ ಅರವತ್ತೊಂಬತ್ತು. ಐದು ವರ್ಷದ ಹಿಂದಿನ ಮಾತು. ಹತ್ತಿಮತ್ತೂರಿನ ನಮ್ಮ ಹೊಲದಲ್ಲಿ ಸಿಮೆಂಟ್ ಕಂಬ ನಿಲ್ಲಿಸಿ ಡ್ರ್ಯಾಗನ್ ಹಣ್ಣಿನ ಬಳ್ಳಿ ಹಬ್ಬಿಸಿದವನು ನನ್ನ ಗಂಡ. ಮೊದಲ ಹಣ್ಣು ಕೊಯ್ಯುವ ಹೊತ್ತಿಗೆ ಅವನಿರಲಿಲ್ಲ. ಹೊಲದ ಮನೆಯಲ್ಲಿ ನಾನೊಬ್ಬಳೇ ಉಳಿದೆ. ಮಾತಾಡಬೇಕೆಂದರೆ ಎಮ್ಮೆ ಇತ್ತು, ಅಷ್ಟೆ.

ಆ ಬೇಸಿಗೆಯಲ್ಲಿ ಸವಣೂರಿನಿಂದ ನಮ್ಮ ಅಕ್ಕ ಬಂದಳು. ಅವಳೂ ಗಂಡ ಸತ್ತವಳು. ಸೊಸೆಯೊಂದಿಗೆ ಜಗಳವಾಡಿ, ಸೀರೆ ಗಂಟು ಕಟ್ಟಿಕೊಂಡು ಬಂದಿದ್ದಳು. "ಇನ್ನ ಇಲ್ಲೇ ಇರ್ತೇನಿ, ಹೊರಗ ಹಾಕಬ್ಯಾಡ," ಎಂದಳು. ಹಾಕುವವರು ಯಾರು? ಬಹಳ ದಿನದ ಮೇಲೆ ಮನೆಯಲ್ಲಿ ಇನ್ನೊಬ್ಬರು ಕೆಮ್ಮುವ ಸದ್ದು ಕೇಳಿತ್ತು. ಅದೂ ನನಗೆ ಹಿತವಾಗಿತ್ತು.

ಆಗಲೇ ಪಕ್ಕದ ಹೊಲದವನು ಪಡುವಣ ಬದುವಿನ ಜಾಲಿ ಗಿಡಗಳನ್ನೆಲ್ಲ ಕಡಿಸಿದ. ನೆರಳು ಹೋಯಿತು. ವಾರದೊಳಗೆ ಆ ಸಾಲಿನ ಬಳ್ಳಿಗಳು ಹಳದಿಯಾಗಿ, ಆಮೇಲೆ ಸುಣ್ಣ ಬಳಿದಂತೆ ಬೆಳ್ಳಗಾದವು. ಅಕ್ಕ ಎದೆ ಬಡಿದುಕೊಂಡಳು.

"ನೀರಡಿಕಿ ಆಗೇತಿ ಬೇ ಇದಕ್ಕ! ಮಾರಿ ಬೆಳ್ಳಗ ಮಾಡೇತಿ ನೋಡು."

"ಇದು ಕಳ್ಳಿ ಜಾತಿ ಅಕ್ಕಾ. ಬಾಳ ನೀರು ಬ್ಯಾಡ."

"ಕಳ್ಳಿಗೆ ಹೊಟ್ಟಿ ಇರೂದಿಲ್ಲೇನು? ಸವಣೂರ ಎಲಿ ತ್ವಾಟದಾಗ ಮುದುಕಿ ಆದಾಕಿ ನಾನು. ಬಳ್ಳಿ ಸಾಕೂದು ನನಗ ಹೇಳಾಕ ಬರಬ್ಯಾಡ."

ವೀಳ್ಯದೆಲೆ ಬಳ್ಳಿಯನ್ನು ಹೇಗೆ ನೋಡಿಕೊಂಡಿದ್ದಳೋ ಹಾಗೆಯೇ ಇದನ್ನೂ ನೋಡಿಕೊಂಡಳು. ಮುಂಜಾನೆ ಸಂಜೆ ನೀರು. ಕಂಬದ ಬುಡಕ್ಕೆ ಸಗಣಿ ಗೊಬ್ಬರ ಏರಿಸಿ, ಅಂಗೈಯಿಂದ ತಟ್ಟಿ ಕೂರಿಸುತ್ತಿದ್ದಳು. ತಟ್ಟುವಾಗ ಹಾಡುತ್ತಿದ್ದಳು. ನಾನು ಮತ್ತೆ ಬೇಡ ಎನ್ನಲಿಲ್ಲ.

ಒಂದು ಮುಂಜಾನೆ ಹೊಲದಲ್ಲಿ ವಾಸನೆ ಬಂತು. ಬಾಗಿ ನೋಡಿದರೆ ಮೂರು ಕಂಬಗಳ ಬುಡದಲ್ಲಿ ಕಾಂಡ ಕಂದು ಬಣ್ಣಕ್ಕೆ ತಿರುಗಿ ನೀರಾಡುತ್ತಿತ್ತು. ಅಕ್ಕ ಅದನ್ನೂ ಬಿಸಿಲೇ ಎಂದಳು. ನಾನು ಒಲೆಯಿಂದ ಇದ್ದಿಲು ತಂದು, ಮೇಲಿನ ಬಿಳಿ ಕಲೆಯ ಅಂಚಿಗೊಂದು ಗೆರೆ, ಬುಡದ ಕಂದು ಕಲೆಯ ಅಂಚಿಗೊಂದು ಗೆರೆ ಎಳೆದೆ.

"ಇದೇನ ಆಟ?"

"ಯಾವುದು ಗೆರಿ ದಾಟತೇತಿ, ನೋಡೂಣು."

ನಾಲ್ಕಾರು ದಿನ ಬಿಟ್ಟು ಇಬ್ಬರೂ ಹೋದೆವು. ಬಿಳಿ ಕಲೆ ಗೆರೆಯೊಳಗೇ ಇತ್ತು. ಪಡುವಣಕ್ಕೆ ಮುಖ ಮಾಡಿದ ಮಗ್ಗುಲಲ್ಲಿ ಮಾತ್ರ. ತಿರುಗಿಸಿ ನೋಡಿದರೆ ಹಿಂಬದಿ ಹಸಿರು. ಒತ್ತಿದರೆ ಗಟ್ಟಿ, ಒಣ ಹಪ್ಪಳದಂಥ ಸಿಪ್ಪೆ. ಅದು ಬಿಸಿಲಿನ ಸುಟ್ಟಗಾಯ. ಬುಡದ ಕಲೆ ಗೆರೆ ದಾಟಿ ಒಂದು ಗೇಣು ಏರಿತ್ತು. ಅದಕ್ಕೆ ಮೂಡಣ ಪಡುವಣವೆಂಬ ಭೇದವಿರಲಿಲ್ಲ, ಕಾಂಡವನ್ನು ಸುತ್ತುವರಿದಿತ್ತು. ಹೆಬ್ಬೆರಳಿಂದ ಒತ್ತಿದೆ. ಮಾಗಿದ ಬಾಳೆಹಣ್ಣಿನಂತೆ ತಿರುಳು ಜಾರಿ ಬಂದು, ಒಳಗಿನ ಕಡ್ಡಿ ಮಾತ್ರ ನಿಂತಿತು.

ಅಕ್ಕ ನನ್ನ ಮುಖ ನೋಡಿದಳು. ಹೇಳಿದರೆ ಇವಳು ಹೋಗುತ್ತಾಳೆಂದು ಗೊತ್ತಿತ್ತು. ಹೇಳದಿದ್ದರೆ ಸಂಜೆ ಮತ್ತೆ ಕೊಡ ಎತ್ತುತ್ತಾಳೆ, ಉಳಿದ ಕಂಬಗಳೂ ಹೋಗುತ್ತವೆ.

"ಮ್ಯಾಲಿಂದು ಬಿಸಲು ಸುಟ್ಟದ್ದು. ಕೆಳಗಿಂದು ನೀ ಹಾಕಿದ ನೀರು, ಗೊಬ್ಬರ. ಕೊಳತೇತಿ," ಎಂದೆ.

"ಅಂದ್ರ ನಾ ಕೊಂದೆ ಅಂತೀ."

"ಕೊಳತೇತಿ ಅಂದೆ."

"ಅಲ್ಲಿ ಸೊಸಿ ನನ್ನ ಕೈ ಚಲೋ ಇಲ್ಲ ಅಂದ್ಲು. ಈಗ ನೀನೂ ಅದನ್ನ ಅಂದಿ."

ಬೆಣ್ಣೆ ಹಚ್ಚಿ ಮಾತಾಡುವುದು ನನಗೆ ಬರುವುದಿಲ್ಲ. ಇರು ಅಕ್ಕಾ ಅಂದಿದ್ದರೆ ಇರುತ್ತಿದ್ದಳೋ ಏನೋ. ಅವಳು ಗಂಟು ಕಟ್ಟಿದಳು. ಕಟ್ಟಿಕೊಟ್ಟ ರೊಟ್ಟಿಯನ್ನು ಮಾತ್ರ ಬೇಡ ಎನ್ನಲಿಲ್ಲ. ಮಧ್ಯಾಹ್ನದ ಸವಣೂರು ಬಸ್ಸಿಗೆ ಹತ್ತಿಸಿ ಬಂದೆ. ಕಿಟಕಿಯ ಹತ್ತಿರ ಕುಳಿತಿದ್ದಳು, ಈಚೆ ತಿರುಗಲಿಲ್ಲ.

ಮರುದಿನ ಬೆಳಗಾಗುತ್ತಲೇ ಕುಡುಗೋಲು ಹಿಡಿದು ಹೊಲಕ್ಕೆ ಹೋದೆ. ಕೊಳೆತದ್ದನ್ನು ಒಳಗಿನ ಕಡ್ಡಿಯಲ್ಲೂ ಕಂದು ಕಾಣದಷ್ಟು ಮೇಲಕ್ಕೆ ಕಡಿದೆ. ಕೊಳೆ ಇನ್ನೊಂದಕ್ಕೆ ಅಂಟದಿರಲೆಂದು ಪ್ರತಿ ಕಡಿತಕ್ಕೂ ಕುಡುಗೋಲನ್ನು ಬೆಂಕಿಗೆ ಹಿಡಿದೆ. ಗಾಯಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಮುಲಾಮು ಹಚ್ಚಿದೆ. ಮೇಲಿನ ಚಲೋ ತುಂಡುಗಳನ್ನು ಗಾಯ ಒಣಗಲೆಂದು ನೆರಳಲ್ಲಿಟ್ಟೆ, ಆಮೇಲೆ ನೆಟ್ಟರಾಯಿತೆಂದು. ಬಿಸಿಲಿಗೆ ಸುಟ್ಟವನ್ನು ಕಡಿಯಲಿಲ್ಲ, ಪಡುವಣ ಮಗ್ಗುಲಿಗೆ ಹಳೆಯ ಸೀರೆ ಕಟ್ಟಿ ಮರೆ ಮಾಡಿದೆ. ಕೊನೆಗೆ ಕಂಬ ಕಂಬದ ಬುಡದಿಂದ ಗೊಬ್ಬರ ಕೆರೆದೆ. ಒಣಗಿದ ಗೊಬ್ಬರದ ಮೇಲೆ ಅಕ್ಕನ ಅಂಗೈ ತಟ್ಟಿದ ಗುರುತು ಹಾಗೇ ಇತ್ತು. ಅದನ್ನೂ ಕೆರೆದು ಬುಟ್ಟಿಗೆ ತುಂಬಿದೆ.