ವಾಪಸ್ ಹೋಗಬೇಕಿದ್ದ ಪಂಪು

ಹಿರೇಕೆರೂರಿನಲ್ಲಿ ಮೊಬೈಲ್ ಅಂಗಡಿ ತೆರೆದ ದಿನ ಬಸವೇಶ ಪಕ್ಕದ ಮನೆಯ ಸರೋಜವ್ವನ ಹತ್ತಿರ ನೀರು ಕೇಳಿ ಕುಡಿದಿದ್ದ. ಊರವರಿಗೆ ಬೇಕಾದದ್ದನ್ನು ಆನ್‌ಲೈನಿನಲ್ಲಿ ತರಿಸಿಕೊಡುತ್ತಿದ್ದ.

ಒಂದು ದಿನ ರೈತ ಕುಬೇರಪ್ಪ ಅವನಿಂದ ತರಿಸಿಕೊಂಡಿದ್ದ, ಈಗ ಕೆಟ್ಟುನಿಂತ, ಬೆಳೆಗೆ ಔಷಧಿ ಹೊಡೆಯುವ ಪಂಪು ಹೊತ್ತು ಬಂದವನೇ ಬಸವೇಶನನ್ನು ಗೋಡೆಗೆ ಬಡಿದ.

"ನೀ ತೋರಿಸಿದ ಚಾಟ್‌ನ್ಯಾಗ ರೊಕ್ಕ ವಾಪಸ್ ಕೊಡ್ತೇವಿ ಅಂತ ಕಂಪನಿ ಬರದೈತಿ. ನೀನ ನುಂಗೀದಿ."

ತುಟಿ ಒಡೆದ ಬಸವೇಶ, ಗದ್ದಲ ಕೇಳಿ ಬಂದ ಸರೋಜವ್ವನತ್ತ ಫೋನು ಚಾಚಿದ. "ಚಾಟ್ ಪೂರಾ ಓದ್ರಿ ಅವ್ವಾ."

ಅವಳು ಅಕ್ಷರಕ್ಕೆ ಬೆರಳಿಟ್ಟು ಓದಿದಳು: "ಪಂಪನ್ನು ಹಾನಿಯಾಗದಂತೆ ವಾಪಸ್ ಕಳುಹಿಸಿ. ಪರಿಶೀಲಿಸಿದಾಗ ದೋಷ ಕಂಡರೆ ಹಣ ಮರಳಿಸುತ್ತೇವೆ."

"ಬರೇ ಕಡೀ ಮಾತು ಓದೀಯಲ್ಲೋ ಕುಬೇರಪ್ಪಾ. ಮೊದಲ ಪಂಪ್ ಕಳಸ್ಬೇಕಂತ."

"ನೀನೂ ಅವನ ಕಡೆಯಾಕೀನ ಏನು, ಮುದುಕಿ?" ಎಂದವನೇ ಕುಬೇರಪ್ಪ ಅದೇ ಪಂಪನ್ನೆತ್ತಿ ಬಸವೇಶನ ತಲೆಗೆ ಅಪ್ಪಳಿಸಿದ.

ಆಸ್ಪತ್ರೆಗೆ ಒಯ್ಯುವಾಗ ಬಸವೇಶ ರಕ್ತ ಮೆತ್ತಿದ ಕಣ್ಣು ತೆರೆದು ಕೇಳಿದ: "ಅವ್ವಾ, ಪಂಪ್ ಒಡೀತೇನ್ರಿ?"