ಕಡೆಯ ಎಲೆಯನ್ನು ಬಿಟ್ಟುಕೊಟ್ಟ ಮಧ್ಯಾಹ್ನ

ಸುಳ್ಳು ಹೇಳುವಾಗ ಅವನು ನಮ್ಮ ಕಣ್ಣಲ್ಲೇ ಕಣ್ಣಿಟ್ಟು ನೋಡುತ್ತಿದ್ದ. ನಿಜ ಹೇಳುವಾಗ ಕಿಟಕಿಯಾಚೆ. ಅದನ್ನು ಪತ್ತೆಹಚ್ಚುವಷ್ಟರಲ್ಲಿ ನನಗೆ ಸಾಕುಬೇಕಾಗಿತ್ತು. ಅವನು ತೀರಿಕೊಂಡು ಎಷ್ಟು ಕಾಲವಾಯಿತು! ಇವತ್ತಿಗೂ ಮುಂಬಯಿಯ ಲೋಕಲ್ ರೈಲು ಕುರ್ಲಾ ದಾಟುವಾಗ ಎದುರಿನ ಸೀಟಿನಲ್ಲಿ ಆ ಕಣ್ಣುಗಳು ಕಾಣುತ್ತವೆ. ಹೆದರಿಕೆಯಾಗುತ್ತದೆ, ಸುಳ್ಳೇಕೆ ಹೇಳಲಿ.

ಎಪ್ಪತ್ತರ ದಶಕದ ಮಾತು. ಅವನು, ನಾನು, ಇನ್ನೊಬ್ಬ ಜೊತೆಗಾರ, ಮೂವರೂ ಬಿಜಾಪುರದ ಕಡೆಯವರು. ಮನೆ ಸಯನ್‌ನಲ್ಲಿ, ಕೆಲಸ ಭಾಂಡುಪ್‌ನ ಕಾರ್ಖಾನೆಯೊಂದರಲ್ಲಿ. ಬೆಳಿಗ್ಗೆ ಊರಿಗೆ ಊರೇ ವಿ.ಟಿ. ಸ್ಟೇಷನ್ ಕಡೆಗೆ ನುಗ್ಗುವಾಗ ನಾವು ಉಲ್ಟಾ ದಿಕ್ಕಿಗೆ ಆರಾಮಾಗಿ ಕೂತು ಹೋಗುತ್ತಿದ್ದೆವು. ಮೊಣಕಾಲ ಮೇಲೆ ಟವೆಲ್ ಹಾಸಿದರೆ ಬ್ಲಫ್ ಅನ್ನುವ ಇಸ್ಪೀಟಾಟ ಶುರು. ಇಡೀ ಕಟ್ಟು ಹಂಚಬೇಕು. ಎಲೆಗಳನ್ನು ಬೋರಲಾಗಿಟ್ಟು "ಮೂರು ರಾಣಿ" ಅನ್ನಬೇಕು. ಒಳಗಿರುವುದು ಏಳೋ ಒಂಬತ್ತೋ, ಇಟ್ಟವನಿಗಷ್ಟೇ ಗೊತ್ತು. ಮುಂದಿನವನು ರಾಣಿ ಅಂತಲೇ ಇನ್ನಷ್ಟು ಇಡಬಹುದು, ಪಾಸ್ ಅನ್ನಬಹುದು, ಇಲ್ಲವೇ "ಬ್ಲಫ್" ಎಂದು ಹಿಡಿಯಬಹುದು. ಸುಳ್ಳಾದರೆ ಇಟ್ಟವನು ರಾಶಿ ಎತ್ತಬೇಕು, ನಿಜವಾದರೆ ಹಿಡಿದವನು. ಮೊದಲು ಕೈ ಖಾಲಿಯಾದವನು ಗೆದ್ದ. ನಿಮ್ಮ ಕೈಯಲ್ಲೇ ಎರಡು ರಾಣಿ ಇದ್ದರೆ ಅವನ ಮೂರು ಹಸಿ ಸುಳ್ಳು, ಮುಖ ನೋಡುವುದೇ ಬೇಡ. ಆದರೆ ಕಡೆಯ ಎಲೆಯನ್ನು ಮಾತ್ರ ಹಿಡಿದೇ ಹಿಡಿಯಬೇಕು. ಬಿಟ್ಟರೆ ಹೇಗೂ ಅವನು ಗೆದ್ದ, ಹಿಡಿದರೆ ನಮ್ಮ ಗಂಟೇನು ಹೋಗುತ್ತದೆ?

ಹೊಟ್ಟೆನೋವೆಂದು ಅವನು ಆಸ್ಪತ್ರೆ ಸೇರಿದ. ಡಾಕ್ಟರು ನಮ್ಮಿಬ್ಬರನ್ನು ವೆರಾಂಡಕ್ಕೆ ಕರೆದು, ಹೆಚ್ಚು ದಿನ ಇಲ್ಲ, ಅವನಿಗೆ ಹೇಳಬೇಡಿ ಅಂದರು. ಒಳಗೆ ಬಂದು "ಏನೂ ಇಲ್ಲಂತೋ" ಅಂದೆವು. ಅವನು "ಎಲಿ ಹಂಚ್ರಿ" ಅಂದ.

ಮಂಚದ ಮೇಲೇ ಆಡಿದೆವು. ಅವನ ಕೈಯಲ್ಲಿ ಒಂದೇ ಉಳಿಯಿತು. ಬೋರಲಾಗಿಟ್ಟು, ನನ್ನ ಕಣ್ಣಲ್ಲೇ ಕಣ್ಣಿಟ್ಟು, "ಒಂದು ರಾಜ" ಅಂದ. ನಾಲ್ಕೂ ರಾಜ ನನ್ನ ಕೈಯಲ್ಲೇ ಇದ್ದವು! ಗೆಲ್ಲಲಿ ಪಾಪ ಅನ್ನಿಸಿತು. "ಪಾಸ್" ಅಂದೆ. ಜೊತೆಗಾರನೂ ಪಾಸ್ ಅಂದ.

ಅವನೇ ಎಲೆ ತಿರುವಿದ. ಇಸ್ಪೀಟಿನ ಮೂರು.

"ಇಷ್ಟ ವರ್ಷ ಆಡೀವಿ. ಕಡೀ ಎಲಿ ಒಮ್ಮೆರ ಬಿಟ್ಟೀರೇನ್ಲೇ? ಈಗರ ಹೇಳ್ರಿ, ಡಾಕ್ಟರ್ ಏನಂದ್ರು?"

ದಯೆಯಂತೆ ದಯೆ! ನಮ್ಮ ಮುಖ ಮುಚ್ಚಿಕೊಳ್ಳಲು ಎಲೆ ಕೂಡ ಸಾಲಲಿಲ್ಲ. ಜೊತೆಗಾರ ಅತ್ತೇಬಿಟ್ಟ. ಅವನು ಮಾತ್ರ ಎಲೆಗಳನ್ನು ಒಟ್ಟು ಮಾಡತೊಡಗಿದ. "ಕಣ್ಣ ಒರಸ್ಕೋ, ಅಕಿ ಬಂದ್ಲು" ಅಂದ.

ಅವನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಅವಳು ಎಂದೂ ನಮ್ಮೊಂದಿಗೆ ಆಡಿದವಳಲ್ಲ.

"ಡಾಕ್ಟರ್ ಏನಂದ್ರರೀ?"

ಅವಳನ್ನೇ ನೆಟ್ಟಗೆ ನೋಡುತ್ತ ಅಂದ, "ಬರೋ ವಾರ ಮನಿಗೆ ಕಳಸ್ತಾರಂತ."

ಅವಳು ನನ್ನ ಕಡೆ ತಿರುಗಿದಳು. ಅವನೂ ನೋಡಿದ.

"ಹೌದ್ರೀ ವೈನಿ" ಅಂದೆ.

ಅವಳು ನಕ್ಕು, ಡಬ್ಬಿ ಬಿಚ್ಚಿ, ನಮಗೂ ಒಂದೊಂದು ರೊಟ್ಟಿ ಕೊಟ್ಟಳು.