ಹಿನ್ನೆಲೆ ಬಿಳಿ ಇರಬೇಕು

ಕೆಲಸಕ್ಕೆ ಸೇರಿದ ಮೊದಲ ದಿನ ವಾಲ್ದಿರ್ ಒಬ್ಬ ಅಜ್ಜಿಗೆ ಕೇಳಿದ ಪ್ರಶ್ನೆ ಅಮೆರಿಕದ ನ್ಯೂ ಬೆಡ್‌ಫರ್ಡಿನ ಆ ಬೀದಿಯಲ್ಲಿ ಇವತ್ತಿಗೂ ಓಡಾಡಿಕೊಂಡಿದೆ. ಅಂಗಡಿಯ ಗೋಡೆಯ ಮೇಲೆ ಪಾಸ್‌ಪೋರ್ಟ್ ಫೋಟೋದ ನಿಯಮಗಳನ್ನು ಅಂಟಿಸಿತ್ತು: ಹಿನ್ನೆಲೆ ಶುಭ್ರವಾಗಿರಬೇಕು, ಕಲೆ ಇರಬಾರದು. ಇಪ್ಪತ್ತಾರು ವರ್ಷದ ವಾಲ್ದಿರ್ ಅದನ್ನು ಎರಡು ಸಲ ಓದಿ, ಗಂಟಲು ಸರಿಮಾಡಿಕೊಂಡು ಕೇಳಿದ್ದ: "ಅಮ್ಮಾ, ನಿಮ್ಮ ಮೇಲೆ ಪೊಲೀಸ್ ಕೇಸು ಏನಾದ್ರೂ ಇದೆಯಾ?"

ಅಜ್ಜಿ ಬೆವೆತುಹೋದರು. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಮೀನಿನ ಕಾರ್ಖಾನೆಯ ಮುಷ್ಕರದಲ್ಲಿ ಮೇಲ್ವಿಚಾರಕನ ಮುಖಕ್ಕೆ ಒಂದು ಮೀನು ಎಸೆದದ್ದನ್ನು ಒಪ್ಪಿಕೊಂಡರು. "ಸಣ್ಣ ಮೀನಪ್ಪಾ," ಅಂದರು.

ಒಳಗಿನಿಂದ ಅಂಗಡಿಯ ಒಡತಿ ಎರ್ಮೆಲಿಂಡಾ ಕೈಯಲ್ಲಿ ಅರ್ಧ ಹೊಲಿದ ಬೂಟು ಹಿಡಿದೇ ಹೊರಬಂದಳು. "ಲೋ ಪೆದ್ದಾ, ಹಿನ್ನೆಲೆ ಅಂದ್ರೆ ಬೆನ್ನ ಹಿಂದಿರೋ ಪರದೆ ಕಣೋ! ಅವರ ಜಾತಕ ಅಲ್ಲ!"

ಕೇಪ್ ವರ್ಡ್ ದ್ವೀಪಗಳಿಂದ ಬಂದು ಊರಿನಲ್ಲಿ ನೆಲೆಸಿದ ಮಂದಿಗೆಲ್ಲ ಅವಳು ಟಿಯಾ, ಅಂದರೆ ಅತ್ತೆ; ಹಿರಿಯ ಗಂಡಸರು ಅವರಿಗೆ ನ್ಯೊ, ಹಿರಿಯ ಹೆಂಗಸರು ನ್ಯಾ. ಬೂಟು ಹೊಲಿಯುವುದು, ಬೀಗದ ಕೈ ಮಾಡುವುದು, ಪಾಸ್‌ಪೋರ್ಟ್ ಫೋಟೋ ತೆಗೆಯುವುದು ಎಲ್ಲ ಒಂದೇ ಕೋಣೆಯಲ್ಲಿ, ಮೂವತ್ತೊಂದು ವರ್ಷದಿಂದ. ಜನರ ಹೆಸರು ಅವಳಿಗೆ ನೆನಪಿರುವುದಿಲ್ಲ, ಗದ್ದ ನೆನಪಿರುತ್ತದೆ. ಎದುರಿಗೆ ಕೂತವರು ಪಾದ್ರಿಯಾದರೂ ಸರಿ, "ಗದ್ದ ಎತ್ತಿ. ಬಾಯಿ ಮುಚ್ಚಿ," ಅನ್ನುತ್ತಾಳೆ. ಪಾದ್ರಿಯ ಬಾಯಿ ಮುಚ್ಚಿಸಿದ ಏಕೈಕ ಹೆಂಗಸು ಎಂದು ಅವಳಿಗೆ ಹೆಸರಿದೆ.

ಮೂರು ವರ್ಷದಲ್ಲಿ ವಾಲ್ದಿರ್ ಕೆಲಸ ಕಲಿತ. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಕಲಿತ ಎನ್ನುವುದು ಈ ಏಪ್ರಿಲ್‌ನಲ್ಲಿ ಗೊತ್ತಾಯಿತು.

ಮೀನುದೋಣಿಯಲ್ಲಿ ಆಯುಷ್ಯ ಕಳೆದ ನ್ಯೊ ಅರ್ಲಿಂದೊಗೆ ಈಗ ಎಪ್ಪತ್ತೆಂಟು. ಕೇಪ್ ವರ್ಡಿನ ಬ್ರಾವಾ ದ್ವೀಪದಲ್ಲಿರುವ ಅಕ್ಕನಿಗೆ ಜೂನ್‌ನಲ್ಲಿ ತೊಂಬತ್ತು ತುಂಬುತ್ತದೆ. ಇಬ್ಬರೂ ಮುಖ ನೋಡಿ ಇಪ್ಪತ್ತೆರಡು ವರ್ಷ. ಟಿಕೆಟ್ ಆಗಿತ್ತು, ಪಾಸ್‌ಪೋರ್ಟಿನ ಅವಧಿ ಮುಗಿದಿತ್ತು. ಮಂಡಿಯ ಆಪರೇಷನ್ ಆಗಿದ್ದರಿಂದ ಮುದುಕ ಮನೆಯ ಮೆಟ್ಟಿಲು ಇಳಿಯುವಂತಿರಲಿಲ್ಲ. ಹಾಗಾಗಿ ಮೊಮ್ಮಗಳು ಅಡುಗೆಮನೆಯಲ್ಲೇ ಫೋನಿನಿಂದ ಒಂದು ಫೋಟೋ ತೆಗೆದು ಅಂಗಡಿಗೆ ಕಳಿಸಿದಳು. ಮುದುಕನ ಬೆನ್ನ ಹಿಂದೆ ಮೀನಂಗಡಿಯ ಕ್ಯಾಲೆಂಡರ್, ಮೇರಿ ಮಾತೆ, ಜೋತುಬಿಟ್ಟ ಬಾಣಲೆಗಳು, ನೆತ್ತಿಯ ಸರಿಯಾಗಿ ಮೇಲೆ ಒಂದು ಹುಂಜದ ಗಡಿಯಾರ.

ಟಿಯಾ ಅವತ್ತು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಳು. ವಾಲ್ದಿರ್ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಇಡೀ ಅಡುಗೆಮನೆಯನ್ನು ಅಳಿಸಿ ಬಿಳಿ ಬಳಿದ. ಎರಡು ಇಂಚಿನ ಚೌಕಕ್ಕೆ ಇಳಿಸಿ ಅಚ್ಚು ಹಾಕಿ, ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಅರ್ಜಿ ಹೋಯಿತು.

ಮೇ ತಿಂಗಳ ಮೊದಲ ವಾರ ಕಾಗದ ಬಂತು: ಫೋಟೋವನ್ನು ತಿದ್ದಲಾಗಿದೆ, ಒಪ್ಪುವುದಿಲ್ಲ, ಹೊಸದು ಕಳಿಸಿ. ವಿಮಾನಕ್ಕೆ ಐದೇ ವಾರ ಉಳಿದಿತ್ತು.

ಟಿಯಾ ಉಳಿದ ಪ್ರತಿಯನ್ನು ಭೂತಗನ್ನಡಿಯಲ್ಲಿ ನೋಡಿದಳು. ಬಿಳಿ ಕೂದಲು ಯಾವುದು, ಬಿಳಿ ಗೋಡೆ ಯಾವುದು ಎಂದು ಕಂಪ್ಯೂಟರಿಗೆ ತಿಳಿದಿರಲಿಲ್ಲ. ಮುದುಕನ ಅರ್ಧ ಕೂದಲನ್ನು ನುಂಗಿ, ಹುಂಜದ ಬಾಲದ ಒಂದು ಗರಿಯನ್ನು ಕಿವಿಯ ಮೇಲೆ ಹಾಗೇ ಬಿಟ್ಟಿತ್ತು.

"ಇದೇನೋ ಇದು? ಮನುಷ್ಯನೋ, ಮೊಟ್ಟೆಯೋ?"

"ಗರಿ ಅಷ್ಟು ಕಾಣಲ್ಲ ಟಿಯಾ..."

"ಗರಿ ಕಾಣದೇ ಇದ್ರೂ ತಪ್ಪೇ. ಸುತ್ತ ಕತ್ತರಿಸಿ ಅಳತೆಗೆ ತಾ, ಯಾರೂ ಬೇಡ ಅನ್ನಲ್ಲ. ಹಿಂದಿರೋದನ್ನ ಕಂಪ್ಯೂಟರಲ್ಲಿ ಅಳಿಸೋ ಹಾಗಿಲ್ಲ. ಗೋಡೆ ಬೇಡ ಅಂದ್ರೆ ಗೋಡೆ ಮುಂದೆ ಪರದೆ ಕಟ್ಟಬೇಕು. ಏಳು, ಪರದೆ ಎತ್ಕೋ. ನಾಲ್ಕು ಗಂಟೆ ಅಂಚೆಗೆ ಫೋಟೋ ಹೋಗ್ಬೇಕು."

ಮುದುಕನ ಮನೆಯ ಬಾಗಿಲು ತೆಗೆದ ಹೆಂಡತಿ ನ್ಯಾ ಒಲಿವಿಯಾ ವಾಲ್ದಿರ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಐವತ್ತು ವರ್ಷದಿಂದ ಆ ತಲೆಕೂದಲು ನಾನು ಕತ್ತರಿಸ್ತಾ ಇದ್ದೀನಿ. ನೀನು ಒಂದೇ ನಿಮಿಷದಲ್ಲಿ ಮುಗಿಸಿಬಿಟ್ಟೆಯಲ್ಲಪ್ಪಾ!"

ಮನೆಯಲ್ಲಿ ಅಂಗೈಯಗಲ ಖಾಲಿ ಗೋಡೆ ಇರಲಿಲ್ಲ. ದೋಣಿಗಳು, ಮದುವೆಗಳು, ಸಂತರು, ಹದಿನೇಳು ಮೊಮ್ಮಕ್ಕಳು. ತೆಗೆದಿಡೋಣವೇ ಅಂದರೆ ನ್ಯಾ ಒಲಿವಿಯಾ ಅಡ್ಡ ನಿಂತರು: "ಒಂದು ತೆಗೆದ್ರೆ ಆ ಮಗಳು ಫೋನ್ ಮಾಡ್ತಾಳೆ, ನಮ್ಮ ಮಗು ಫೋಟೋ ಯಾಕೆ ತೆಗೆದ್ರಿ ಅಂತ."

"ತೆಗೆಯೋದೇ ಬೇಡ, ಪರದೆ ತಂದಿದ್ದೀವಿ," ಎಂದು ವಾಲ್ದಿರ್ ಠೀವಿಯಿಂದ ಸುರುಳಿ ಬಿಚ್ಚಿದ.

ತೆಂಗಿನ ಮರ, ನೀಲಿ ಕಡಲು, ಮುಳುಗುತ್ತಿರುವ ಸೂರ್ಯ! ಹುಟ್ಟುಹಬ್ಬದ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುವ ಪರದೆ ಅದು. ಬಿಳಿಯದು ಅಂಗಡಿಯಲ್ಲೇ ಉಳಿದಿತ್ತು. ನೆಲ ಬಾಯಿಬಿಟ್ಟರೆ ಒಳಗೆ ಹೋಗಲು ವಾಲ್ದಿರ್ ತಯಾರಿದ್ದ.

ಕುರ್ಚಿಯಲ್ಲಿದ್ದ ನ್ಯೊ ಅರ್ಲಿಂದೊ ಕಣ್ಣರಳಿಸಿದರು. "ಪಾಸ್‌ಪೋರ್ಟ್ ಯಾಕೆ ಬೇಕು? ಬ್ರಾವಾನೇ ಮನೆಗೆ ಬಂತಲ್ಲ!"

ನ್ಯಾ ಒಲಿವಿಯಾ ಒಂದು ಬಿಳಿ ಮಂಚದ ಹೊದಿಕೆ ತಂದರು. ಅದರ ಉದ್ದಕ್ಕೂ ತಾಯಿ ಹಾಕಿಕೊಟ್ಟ ನೀಲಿ ಹೂವಿನ ಕಸೂತಿ, ಸಾಲದ್ದಕ್ಕೆ ಐವತ್ತು ವರ್ಷದ ಮಡಿಕೆಗಳು. "ಗೆರೆ ಬಂದ್ರೂ ತಿರಸ್ಕಾರ," ಅಂದಳು ಟಿಯಾ. ಗಡಿಯಾರದ ಹುಂಜ ಎರಡೂವರೆ ತೋರಿಸುತ್ತಿತ್ತು. ಅಂಗಡಿಗೆ ಹೋಗಿಬಂದು, ಅಚ್ಚು ಹಾಕಲು ಮತ್ತೆ ಅಲ್ಲಿಗೇ ಓಡುವಷ್ಟು ಹೊತ್ತಿರಲಿಲ್ಲ.

ಅವಳು ಕಡಲಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತಳು. ಆಮೇಲೆ ಪರದೆಯ ಅಂಚು ಹಿಡಿದು ಹಿಂದುಮುಂದು ತಿರುಗಿಸಿದಳು. ಬೆನ್ನು ಬರೀ ದಪ್ಪ ಕ್ಯಾನ್ವಾಸು. ಒಂದು ಗೆರೆಯಿಲ್ಲ, ಒಂದು ಕಲೆಯಿಲ್ಲ, ಹಾಲಿಗೆ ಒಂದು ತೊಟ್ಟು ಚಹಾ ಬಿದ್ದಂಥ ಬಿಳುಪು.

"ಇದು ಪೂರ್ತಿ ಬಿಳಿ ಅಲ್ವಲ್ಲ ಟಿಯಾ?"

"ಸುಣ್ಣದಂಥ ಬಿಳಿ ಆಗ್ಬೇಕು ಅಂತ ಯಾರಂದ್ರು? ಇಷ್ಟು ಮಾಸಲು ನಡೆಯುತ್ತೆ. ಇವರ ಕೂದಲು ಇದರ ಮೇಲೆ ಎದ್ದು ಕಾಣುತ್ತೆ, ನೋಡ್ತಿರು."

ಕಿಟಕಿಯ ಎದುರಿನ ಗೋಡೆಯಲ್ಲಿ ಹದಿನೇಳು ಮೊಮ್ಮಕ್ಕಳ ಮೇಲೆ ಪರದೆ ಇಳಿಬಿಟ್ಟರು. ಸುಕ್ಕು ಬೀಳದಂತೆ ಕೆಳಗೆ ಎರಡು ಬಾಣಲೆ ಕಟ್ಟಿದರು. ಮುದುಕನ ಕುರ್ಚಿಯನ್ನು ಪರದೆಗೆ ಒರಗಿಸದೆ ಮೂರು ಅಡಿ ಮುಂದಕ್ಕೆಳೆದರು, ಹಾಗೆ ಮಾಡಿದರೆ ನೆರಳು ಪರದೆಯ ಮೇಲೆ ಬೀಳದೆ ನೆಲದ ಮೇಲೆ ಬೀಳುತ್ತದೆ. ಕಿಟಕಿಯ ಬೆಳಕು ನೇರ ಮುಖಕ್ಕೆ. ಬಿಳಿ ಅಂಗಿ ಬಿಚ್ಚಿಸಿ ಕಡುನೀಲಿ ತೊಡಿಸಿದ್ದಾಯಿತು. ಕನ್ನಡಕ ತೆಗೆಸಿದ್ದೂ ಆಯಿತು.

"ಕನ್ನಡಕ ಇಲ್ದೆ ಯಾವ ಕಡೆ ನೋಡ್ಲಿ?"

"ನನ್ನ ದನಿ ಕಡೆ ನೋಡಿ," ಎಂದಳು ಟಿಯಾ. ಕ್ಯಾಮೆರಾ ಎತ್ತಿಕೊಂಡವಳು ಏನೋ ಯೋಚಿಸಿ ಅದನ್ನು ವಾಲ್ದಿರ್ ಕೈಗೆ ತುರುಕಿದಳು. "ಕೆಡಿಸಿದವನು ನೀನು. ತೆಗಿ."

ವಾಲ್ದಿರ್ ಕ್ಯಾಮೆರಾ ಕಣ್ಣಿಗೆ ಹಿಡಿದ. "ನ್ಯೊ ಅರ್ಲಿಂದೊ, ಗದ್ದ ಎತ್ತಿ. ಬಾಯಿ ಮುಚ್ಚಿ."

"ಈ ಮನೇಲಿ ಐವತ್ತು ವರ್ಷದಿಂದ ಮುಚ್ಕೊಂಡೇ ಇದ್ದೀನಿ," ಅಂದು ಮುದುಕ ಮುಚ್ಚಿದರು. ಕ್ಲಿಕ್. ಒಂದೊಂದು ಕೂದಲೂ ಅದರ ಜಾಗದಲ್ಲಿತ್ತು. ಅಂಗಡಿಗೆ ಓಡಿ ಅಚ್ಚು ಹಾಕಿದ್ದಾಯಿತು, ನಾಲ್ಕಕ್ಕೆ ಏಳು ನಿಮಿಷ ಇರುವಾಗ ಲಕೋಟೆ ಅಂಚೆಯವನ ಚೀಲಕ್ಕೆ ಬಿತ್ತು.

ಪಾಸ್‌ಪೋರ್ಟ್ ಬಂದದ್ದು ವಿಮಾನಕ್ಕೆ ಒಂಬತ್ತು ದಿನ ಮುಂಚೆ. ಅಷ್ಟು ಹೊತ್ತಿಗೆ ಮಂಡಿಯೂ ಮಾತು ಕೇಳತೊಡಗಿತ್ತು. ಮುದುಕ ಕೋಲೂರಿಕೊಂಡು ತಾವೇ ಅಂಗಡಿಗೆ ಬಂದರು, ಹಿಂದೆ ನ್ಯಾ ಒಲಿವಿಯಾ ಒಂದು ಪಾತ್ರೆ ಬಿಸಿ ಕಚೂಪಾ ಹೊತ್ತು ತಂದರು. ಮೆಕ್ಕೆಜೋಳ, ಕಾಳು, ಮಾಂಸದ ಆ ಗಂಜಿಯನ್ನು ನಾಲ್ವರೂ ಬೂಟುಗಳ ನಡುವೆ ಕೂತು ತಿಂದರು. ವಾಲ್ದಿರ್ ಪಾಸ್‌ಪೋರ್ಟನ್ನು ಎಂಟು ಸಲ ತೆರೆದು ನೋಡಿದ, ಒಂಬತ್ತನೆಯ ಸಲ ಟಿಯಾ ಕಿತ್ತುಕೊಂಡಳು.

ಆಗ ನ್ಯೊ ಅರ್ಲಿಂದೊ ಚಮಚ ಕೆಳಗಿಟ್ಟು, ಊರಿನಲ್ಲಿ ಯಾರೂ ಬಾಯಿಬಿಟ್ಟು ಕೇಳದಿದ್ದುದನ್ನು ಕೇಳಿಬಿಟ್ಟರು. "ಅಲ್ಲ ಎರ್ಮೆಲಿಂಡಾ, ಮೂವತ್ತೊಂದು ವರ್ಷದಿಂದ ಊರನ್ನೆಲ್ಲ ಬ್ರಾವಾಕ್ಕೆ ಕಳಿಸ್ತಾ ಇದ್ದೀಯ. ನೀನು ಮಾತ್ರ ಒಂದು ಸಲಾನೂ ಹೋಗಿಲ್ಲವಲ್ಲ, ಯಾಕೆ?"

ನ್ಯಾ ಒಲಿವಿಯಾ ಗಂಡನ ಕಾಲು ತುಳಿದರು. ವಾಲ್ದಿರ್ ಒಂದು ಬೀಗದ ಕೈಯನ್ನು ಬಹಳ ಗಮನವಿಟ್ಟು ಒರೆಸತೊಡಗಿದ.

ಟಿಯಾ ಬಾಯಲ್ಲಿದ್ದ ತುತ್ತು ನುಂಗಿದಳು.

"ಅಲ್ಲಿ ನನ್ನ ಗಂಡ ಇದ್ದಾನೆ. ಮೊದಲು ಅವನು ಹೋಗ್ಲಿ, ಆಮೇಲೆ ನಾನು ಹೋಗ್ತೀನಿ."